ನೀರಿನ ಬಿಲ್ಲು ಏರಿದುದೇಕೆ?

ಬೆಂಗಳೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿ ಐದು ಮಂದಿ. ದಿನ ಬಿಟ್ಟು ದಿನ ಕೆಲವು ಗಂಟೆಗಳ ಕಾಲ ಕಾವೇರಿ ನೀರು ಬರುತ್ತದೆ. ಅದು ಬೀದಿಯ ಕೊಳವೆಯಿಂದ ಮೀಟರನ್ನು ಹಾದು ಅಂಗಳದ ನೆಲದಡಿಯ ಸಂಪನ್ನು ಸೇರುತ್ತದೆ. ಅಲ್ಲಿಂದ ಪಂಪು ಅದನ್ನು ಮಾಳಿಗೆಯ ತೊಟ್ಟಿಗೆ ಏರಿಸುತ್ತದೆ. ತೊಟ್ಟಿಯಿಂದ ನೀರು ತನ್ನ ಭಾರದಿಂದಲೇ ನಲ್ಲಿಗಳಿಗೆ ಇಳಿಯುತ್ತದೆ. ಈ ಮನೆಯ ನೀರಿನ ಬಿಲ್ಲು ಒಂದು ತಿಂಗಳು ಇದ್ದಕ್ಕಿದ್ದಂತೆ ಮೂರು ಪಟ್ಟಿನ ಹತ್ತಿರಕ್ಕೆ ಏರಿತು.

ಒಡನೆಯೇ ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದವು. ಮನೆಯ ಯಜಮಾನರು, "ಮೀಟರು ಕೆಟ್ಟಿದೆ, ದೂರು ಕೊಡಬೇಕು" ಎಂದರು. ಅವರ ತಾಯಿ, "ಕೆಲಸದ ನಿಂಗಮ್ಮ ನಲ್ಲಿ ತೆರೆದಿಟ್ಟುಕೊಂಡೇ ಪಾತ್ರೆ ತೊಳೆಯುತ್ತಾಳೆ, ಅದರ ಫಲ ಇದು" ಎಂದರು. ಕಾಲೇಜಿನಲ್ಲಿ ಓದುತ್ತಿದ್ದ ಮಗಳು, "ಎಲ್ಲಿಯೋ ಸೋರುತ್ತಿರಬೇಕು" ಎಂದಳು. ಆದರೆ ಗೋಡೆಯ ಮೇಲಾಗಲಿ ನೆಲದ ಮೇಲಾಗಲಿ ಒಂದು ತೊಟ್ಟು ತೇವವೂ ಕಾಣಲಿಲ್ಲ. ಮೂವರ ಮಾತೂ ಸಾಧ್ಯವಾದುದೇ. ಇವುಗಳಲ್ಲಿ ನಿಜವಾವುದು ಎಂಬುದನ್ನು ಒಂದು ಅಳತೆಗೋಲು, ಒಂದು ಗಡಿಯಾರ ಮತ್ತು ಸ್ವಲ್ಪ ಗಣಿತದಿಂದ ನಿರ್ಣಯಿಸಬಹುದು.

ರೂಪಾಯಿಯಲ್ಲ, ಲೀಟರು

ಮೊದಲು ಬಿಲ್ಲಿನಲ್ಲಿ ನೋಡಬೇಕಾದುದು ರೂಪಾಯಿಗಳನ್ನಲ್ಲ, ನೀರಿನ ಪ್ರಮಾಣವನ್ನು. ಬೆಂಗಳೂರಿನಲ್ಲಿ ನೀರಿನ ದರ ಒಂದೇ ಸಮನಾಗಿಲ್ಲ. ಬಳಕೆ ಏರಿದಂತೆ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2014ರಿಂದ 2025ರವರೆಗೆ ಜಾರಿಯಲ್ಲಿದ್ದ ಗೃಹಬಳಕೆಯ ದರವನ್ನೇ ನೋಡಿ: ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಅಲ್ಲಿಂದ 25 ಸಾವಿರದವರೆಗೆ 11 ರೂಪಾಯಿ, 25ರಿಂದ 50 ಸಾವಿರದವರೆಗೆ 26 ರೂಪಾಯಿ. ನಮ್ಮ ಮನೆಯ ಎಂದಿನ ಬಳಕೆ ತಿಂಗಳಿಗೆ 18 ಸಾವಿರ ಲೀಟರು. ಈ ತಿಂಗಳು ಅದು 34 ಸಾವಿರ. ಆ ದರದಂತೆ ಲೆಕ್ಕ ಹಾಕಿದರೆ ನೀರಿನ ಮೊತ್ತ ಮಾತ್ರವೇ 166 ರೂಪಾಯಿಯಿಂದ 477 ರೂಪಾಯಿಗೆ ಹಾರುತ್ತದೆ. ನೀರು ಎರಡು ಪಟ್ಟೂ ಆಗಿಲ್ಲ, ಹಣ ಮಾತ್ರ ಮೂರು ಪಟ್ಟಿನ ಸಮೀಪಕ್ಕೆ ಹೋಗಿದೆ! 2025ರ ಏಪ್ರಿಲ್ ತಿಂಗಳಲ್ಲಿ ಈ ದರಗಳನ್ನೇ ಹೆಚ್ಚಿಸಲಾಯಿತು. ಆ ತಿಂಗಳ ಹಿಂದಿನ ಮತ್ತು ಮುಂದಿನ ಬಿಲ್ಲುಗಳನ್ನು ಹೋಲಿಸಿದರೆ ಒಂದು ಲೀಟರೂ ಹೆಚ್ಚು ಬಳಸದವನಿಗೂ ಮೊತ್ತ ಏರಿದಂತೆ ತೋರುತ್ತದೆ.

ಎರಡನೆಯದಾಗಿ, ಬಿಲ್ಲಿನಲ್ಲಿ ಅಚ್ಚಾಗಿರುವ ಅಂಕೆಯೂ ಮೀಟರಿನ ಮುಖದ ಮೇಲಿರುವ ಅಂಕೆಯೂ ಹೊಂದುತ್ತವೆಯೇ ಎಂದು ನೋಡಬೇಕು. ಮೀಟರಿನ ಕಪ್ಪು ಅಂಕೆಗಳು ಘನಮೀಟರುಗಳನ್ನು, ಎಂದರೆ ಸಾವಿರ ಸಾವಿರ ಲೀಟರುಗಳನ್ನು ತೋರಿಸುತ್ತವೆ. ಕೆಂಪು ಅಂಕೆಗಳೂ ಕೆಂಪು ಮುಳ್ಳುಗಳೂ ಅದರ ಭಾಗಗಳನ್ನು ತೋರಿಸುತ್ತವೆ. ಕಳೆದ ತಿಂಗಳು ಬಾಗಿಲು ಹಾಕಿದ್ದು, ಅಂದಾಜಿನ ಬಿಲ್ಲು ಬಂದಿದ್ದರೆ, ಅಂದು ಬಿಟ್ಟುಹೋದ ನೀರೆಲ್ಲ ಈ ತಿಂಗಳ ಲೆಕ್ಕಕ್ಕೆ ಸೇರಿರುವುದುಂಟು. ಎರಡು ಓದುಗಳ ನಡುವೆ 30 ದಿನಗಳಿದ್ದವೋ 40 ದಿನಗಳಿದ್ದವೋ ಎಂಬುದನ್ನೂ ಎಣಿಸಬೇಕು. ನಮ್ಮ ಮನೆಯಲ್ಲಿ ಅಂಕೆಗಳು ಸರಿಯಾಗಿಯೇ ಇದ್ದವು. ದಿನಗಳೂ 30 ಇದ್ದವು. ಆದುದರಿಂದ 16 ಸಾವಿರ ಲೀಟರಿನ ಹೆಚ್ಚಳ ಕಾಗದದ ತಪ್ಪಲ್ಲ.

ಮೂರು ಕಾರಣಗಳು, ಮೂರು ಸ್ವಭಾವಗಳು

16 ಸಾವಿರವನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 533 ಲೀಟರಾಯಿತು. ಈ 533 ಲೀಟರು ಎಲ್ಲಿ ಹೋಯಿತು? ನಮ್ಮ ಮೂವರು ಆಪಾದಿತರನ್ನು ಬೇರೆ ಬೇರೆಯಾಗಿ ಗುರುತಿಸಲು ಅವರವರ ಸ್ವಭಾವವನ್ನು ಅರಿತಿರಬೇಕು.

ಅಭ್ಯಾಸವು ಘಟನೆಗಳಿಗೆ ಅಂಟಿಕೊಂಡಿರುತ್ತದೆ. ಸ್ನಾನ, ಬಟ್ಟೆ ಒಗೆಯುವುದು, ತೋಟಕ್ಕೆ ನೀರು ಬಿಡುವುದು—ಒಂದೊಂದು ಘಟನೆಗೂ ಇಷ್ಟಿಷ್ಟು ನೀರು. ಘಟನೆ ಇಲ್ಲವಾದರೆ ಖರ್ಚೂ ಇಲ್ಲ.

ಮೀಟರಿನ ದೋಷವು ಗುಣಾಕಾರದಂತೆ ವರ್ತಿಸುತ್ತದೆ. ತನ್ನ ಮೂಲಕ ಹಾದುಹೋದ ನೀರನ್ನು ಅದು ಯಾವುದೋ ಪ್ರಮಾಣದಲ್ಲಿ ಹೆಚ್ಚಿಸಿಯೋ ಕಡಿಮೆ ಮಾಡಿಯೋ ತೋರಿಸುತ್ತದೆ. ಏನೂ ಹಾಯದಿದ್ದರೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ.

ಸೋರಿಕೆಯು ಕಾಲವನ್ನು ಅನುಸರಿಸುತ್ತದೆ. ಮನೆಯವರು ಮಲಗಿರಲಿ, ಎಚ್ಚರವಾಗಿರಲಿ, ಊರಿಗೆ ಹೋಗಿರಲಿ, ಅದು ಗಂಟೆಗೆ ಇಷ್ಟೆಂದು ಹರಿಯುತ್ತಲೇ ಇರುತ್ತದೆ.

ಮನೆಯವರೆಲ್ಲ ಮೂರು ದಿನ ಊರಿಗೆ ಹೋದರೆನ್ನಿ. ಅಭ್ಯಾಸವೂ ಮೀಟರಿನ ದೋಷವೂ ಆ ಮೂರು ದಿನ ಸುಮ್ಮನಿರುತ್ತವೆ. ಸೋರಿಕೆ ಮಾತ್ರ 72 ಗಂಟೆ ದುಡಿಯುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ಈ ಒಂದು ಭೇದವನ್ನೇ ಆಧರಿಸಿವೆ.

ಕಾಲದ ಬಲವನ್ನು ನಾವು ಸಾಮಾನ್ಯವಾಗಿ ಕಡೆಗಣಿಸುತ್ತೇವೆ. ದಿನಕ್ಕೆ 533 ಲೀಟರೆಂದರೆ ಗಂಟೆಗೆ 22 ಲೀಟರು. ಸೆಕೆಂಡಿಗೆ ಸುಮಾರು 6 ಮಿಲಿಲೀಟರು. ಎಂದರೆ ಒಂದು ಲೋಟ ತುಂಬಲು ಅರ್ಧ ನಿಮಿಷ ಬೇಕಾಗುವಷ್ಟು ಸಣ್ಣ ಧಾರೆ. ಇದಕ್ಕೆ ಎಷ್ಟು ದೊಡ್ಡ ರಂಧ್ರ ಬೇಕು? ತೊಟ್ಟಿಯ ರಂಧ್ರದಿಂದ ಚಿಮ್ಮುವ ನೀರಿನ ವೇಗವು ಮೇಲಿನ ನೀರಿನ ಎತ್ತರದಿಂದ ನಿರ್ಧಾರವಾಗುತ್ತದೆಂಬುದನ್ನು ಇಟಲಿಯ ಟಾರಿಸೆಲ್ಲಿ 1644ರಲ್ಲಿ ಪ್ರಕಟಿಸಿದನು. ಆ ನಿಯಮವನ್ನು ಇಂದು v = √(2gh) ಎಂದು ಬರೆಯುತ್ತೇವೆ. 10 ಮೀಟರು ಎತ್ತರದ ನೀರಿನ ಒತ್ತಡವಿದ್ದರೆ ವೇಗ ಸೆಕೆಂಡಿಗೆ 14 ಮೀಟರು. ಧಾರೆಯು ರಂಧ್ರದಿಂದ ಹೊರಬೀಳುವಾಗ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ಕೇವಲ 1 ಮಿಲಿಮೀಟರು ವ್ಯಾಸದ ರಂಧ್ರದಿಂದ ಗಂಟೆಗೆ ಸುಮಾರು 24 ಲೀಟರು ಹೊರಟುಹೋಗುತ್ತದೆ. ಗುಂಡುಸೂಜಿ ಚುಚ್ಚಿದಷ್ಟು ದೊಡ್ಡ ತೂತು ನಮ್ಮ ಇಡೀ ಬಿಲ್ಲನ್ನು ವಿವರಿಸಬಲ್ಲದು!

ಅಭ್ಯಾಸದ ವಿಚಾರಣೆ

ಮೊದಲು ಅಭ್ಯಾಸವನ್ನು ವಿಚಾರಿಸೋಣ. ಇದಕ್ಕೆ ಕಾಗದ, ಸೀಸದ ಕಡ್ಡಿ ಸಾಕು. ನಮ್ಮ ದೇಶದಲ್ಲಿ ನಗರದ ನೀರು ಸರಬರಾಜಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರೆಂಬ ಅಳತೆಯನ್ನು ಇಟ್ಟುಕೊಳ್ಳುವುದು ವಾಡಿಕೆ. ಈ ತಿಂಗಳಲ್ಲಿ ಮನೆಗೆ ಇಬ್ಬರು ನೆಂಟರು ಬಂದು ಐದು ದಿನ ಇದ್ದರು. ಅವರ ಪಾಲು 1,350 ಲೀಟರು. 16 ಸಾವಿರವನ್ನು ನೆಂಟರ ತಲೆಗೆ ಕಟ್ಟಬೇಕಾದರೆ ನಾಲ್ವರು ಇಡೀ ತಿಂಗಳು ಇಲ್ಲಿಯೇ ಬಿಡಾರ ಹೂಡಿರಬೇಕಾಗಿತ್ತು.

ಇನ್ನು ನಿಂಗಮ್ಮನ ಮೇಲಿನ ಆಪಾದನೆ. ಅಡಿಗೆಮನೆಯ ನಲ್ಲಿಯ ಕೆಳಗೆ ಒಂದು ಬಕೆಟ್ಟನ್ನಿಟ್ಟು, ನಲ್ಲಿಯನ್ನು ಪೂರ್ತಿ ತಿರುಗಿಸಿ ಒಂದು ನಿಮಿಷ ಹಿಡಿದು ಅಳೆದರು; 6 ಲೀಟರು ಬಂದಿತು. ಆ ವೇಗದಲ್ಲಿ 533 ಲೀಟರು ಹೋಗಬೇಕಾದರೆ ನಲ್ಲಿಯು ದಿನಕ್ಕೆ ಸುಮಾರು 89 ನಿಮಿಷ ಹೆಚ್ಚಾಗಿ, ಅದೂ ಪೂರ್ತಿಯಾಗಿ ತೆರೆದಿರಬೇಕು. ಆಕೆ ಈ ಮನೆಯಲ್ಲಿ ಇರುವುದೇ ದಿನಕ್ಕೆ ಒಂದು ಗಂಟೆ. ಅದರಲ್ಲಿ ಪಾತ್ರೆಯ ಕೆಲಸ ಅರ್ಧ ಗಂಟೆ. ಆಕೆ ಒಂದು ಹನಿಯನ್ನೂ ಉಳಿಸದೆ ಚೆಲ್ಲಿದ್ದರೂ ಲೆಕ್ಕ ಕೂಡುವುದಿಲ್ಲ. ಕಣ್ಣಿಗೆ ಬಿದ್ದ ನೀರನ್ನೇ ಕಾರಣವೆಂದು ಹಿಡಿಯುವುದು ಮನುಷ್ಯಸ್ವಭಾವ. ಆದರೆ ಕಣ್ಣಿಗೆ ಬೀಳುವ ನೀರು ನಿಮಿಷಗಳ ಕಾಲ ಹರಿಯುವುದು; ಬೀಳದ ನೀರು ದಿನವಿಡೀ ಹರಿಯುವುದು.

ಅಭ್ಯಾಸಗಳ ಸಾಲಿನಲ್ಲಿ ಒಂದನ್ನು ಮಾತ್ರ ತಪ್ಪದೆ ಪರಿಶೀಲಿಸಬೇಕು: ಪಂಪನ್ನು ನಿಲ್ಲಿಸಲು ಮರೆಯುವುದು. ಪಂಪು ನಿಮಿಷಕ್ಕೆ 30 ಲೀಟರು ಎತ್ತುವುದಾದರೆ, ಮೇಲಿನ ತೊಟ್ಟಿ ತುಂಬಿದ ಮೇಲೂ ದಿನಕ್ಕೆ 18 ನಿಮಿಷ ಓಡಿದರೆ 540 ಲೀಟರು ಚೆಲ್ಲಿಹೋಗುತ್ತದೆ. ತುಂಬಿ ಹರಿಯುವ ಕೊಳವೆಯನ್ನು ಮಳೆನೀರಿನ ಕೊಳವೆಗೆ ಸೇರಿಸಿದ್ದರೆ ಇದು ಯಾರಿಗೂ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ತೊಟ್ಟಿ ತುಂಬಿದೊಡನೆ ಪಂಪನ್ನು ತಾನಾಗಿ ನಿಲ್ಲಿಸುವ ಸಾಧನವಿತ್ತು. ಅದು ಸರಿಯಾಗಿ ಕೆಲಸ ಮಾಡುವುದನ್ನು ಮಾಳಿಗೆಯ ಮೇಲೆ ನಿಂತು ನೋಡಿ ಖಚಿತಪಡಿಸಿಕೊಂಡರು.

ಮೀಟರಿನ ವಿಚಾರಣೆ

ಮನೆಯ ಮೀಟರು ನೀರನ್ನು ಪಾತ್ರೆಯಲ್ಲಿ ತುಂಬಿ ಅಳೆಯುವುದಿಲ್ಲ. ಅದರೊಳಗೆ ರೆಕ್ಕೆಗಳುಳ್ಳ ಒಂದು ಪುಟ್ಟ ಚಕ್ರವಿದೆ. ಸಣ್ಣ ಕಿಂಡಿಗಳಿಂದ ನುಗ್ಗುವ ನೀರು ರೆಕ್ಕೆಗಳಿಗೆ ಬಡಿದು ಚಕ್ರವನ್ನು ತಿರುಗಿಸುತ್ತದೆ. ಹಲ್ಲುಗಾಲಿಗಳು ಆ ಸುತ್ತುಗಳನ್ನು ಎಣಿಸುತ್ತವೆ. ಎಂದರೆ ಮೀಟರು ನಿಜವಾಗಿ ಅಳೆಯುವುದು ನೀರಿನ ವೇಗವನ್ನು. ಪ್ರಮಾಣವನ್ನು ಅದು ಊಹಿಸುತ್ತದೆ. ಸಾಮಾನ್ಯ ಹರಿವಿನಲ್ಲಿ ಹೊಸ ಮೀಟರಿಗೆ ನೂರಕ್ಕೆ 2ರಷ್ಟು, ತೀರ ಕಡಿಮೆ ಹರಿವಿನಲ್ಲಿ ನೂರಕ್ಕೆ 5ರಷ್ಟು ತಪ್ಪಿಗೆ ಮಾನಕಗಳು ಅವಕಾಶ ಕೊಡುತ್ತವೆ.

ಹಳೆಯದಾದ ಮೀಟರು ಓಡುವುದಕ್ಕಿಂತ ಕುಂಟುವುದೇ ಹೆಚ್ಚು. ಅಚ್ಚು ಸವೆದು, ಘರ್ಷಣೆ ಹೆಚ್ಚಿ, ಚಕ್ರ ನಿಧಾನವಾಗುತ್ತದೆ. ಆಗ ಬಿಲ್ಲು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಆದರೂ ಹೆಚ್ಚು ತೋರಿಸುವ ಎರಡು ಸಂದರ್ಭಗಳುಂಟು. ಮರಳೋ ತುಕ್ಕೋ ಸೇರಿ ಕೆಲವು ಕಿಂಡಿಗಳು ಕಟ್ಟಿಕೊಂಡರೆ ಉಳಿದ ಕಿಂಡಿಗಳಲ್ಲಿ ನೀರು ಅತಿವೇಗದಿಂದ ನುಗ್ಗಿ ಚಕ್ರವನ್ನು ಬೇಗ ತಿರುಗಿಸಬಹುದು. ಎರಡನೆಯದು ಗಾಳಿ. ಬಿಟ್ಟು ಬಿಟ್ಟು ನೀರು ಬರುವ ಊರಿನಲ್ಲಿ ಕೊಳವೆಗಳು ನಡುವೆ ಬರಿದಾಗುತ್ತವೆ. ನೀರು ಮತ್ತೆ ಬರುವಾಗ ಮುಂದಿರುವ ಗಾಳಿಯನ್ನು ದೂಡಿಕೊಂಡು ಬರುತ್ತದೆ. ಆ ಗಾಳಿಯೂ ಚಕ್ರವನ್ನು ತಿರುಗಿಸುತ್ತದೆ, ಅದನ್ನು ಮೀಟರು ನೀರೆಂದೇ ಎಣಿಸುತ್ತದೆ.

ಪರೀಕ್ಷೆ ಹೀಗೆ: ಸಂಪಿನ ಉದ್ದ 2 ಮೀಟರು, ಅಗಲ ಒಂದೂವರೆ ಮೀಟರು. ಆದುದರಿಂದ ಮಟ್ಟ 1 ಸೆಂಟಿಮೀಟರು ಏರಿದರೆ 30 ಲೀಟರು ಬಂದಂತಾಯಿತು. ನೀರು ಬರುವ ದಿನ, ಅದು ಬರುವ ಮೊದಲೇ ಮೀಟರಿನ ಅಂಕೆಯನ್ನು ಕೆಂಪು ಮುಳ್ಳುಗಳ ಸಹಿತ ಬರೆದುಕೊಂಡು, ಒಣಗಿದ ಕೋಲನ್ನು ಸಂಪಿನ ತಳದವರೆಗೆ ಇಳಿಸಿ ಒದ್ದೆಯ ಗುರುತನ್ನು ಅಳೆದರು. ಪಂಪನ್ನು ಹಾಕಲಿಲ್ಲ. ಸಂಪು ತುಂಬುವ ಮೊದಲೇ, ಬೀದಿಯ ನೀರು ನಿಂತಾಗ, ಮತ್ತೆ ಅಳೆದರು. ಮಟ್ಟ 24 ಸೆಂಟಿಮೀಟರು ಏರಿತ್ತು: 720 ಲೀಟರು. ಮೀಟರು ತೋರಿಸಿದ್ದು 731. ಭೇದ ನೂರಕ್ಕೆ ಒಂದೂವರೆ; ಕೋಲಿನ ಅಳತೆಯಲ್ಲಿ 4 ಮಿಲಿಮೀಟರು ತಪ್ಪಿದರೂ ಇಷ್ಟು ಭೇದ ಬರುತ್ತದೆ. ಬಿಲ್ಲಿನ ಹೆಚ್ಚಳಕ್ಕೆ ಮೀಟರೇ ಕಾರಣವಾಗಿದ್ದರೆ ಅದು 720ರ ಬದಲು 1,360 ತೋರಿಸಬೇಕಾಗಿತ್ತು. ಅಂಕೆಯನ್ನು ನೀರು ಬರುವ ಮೊದಲೇ ಬರೆದುಕೊಂಡುದರಿಂದ ಗಾಳಿಯ ಪಾಲೂ ಈ ಲೆಕ್ಕದೊಳಗೇ ಸೇರಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೀಟರಿನಿಂದ ಸಂಪಿನವರೆಗೆ ನೆಲದಡಿಯಲ್ಲಿ ಒಂದು ಕೊಳವೆಯಿದೆ. ಮೀಟರು ಹೆಚ್ಚು ತೋರಿಸಿ ಸಂಪು ಕಡಿಮೆ ತೋರಿಸಿದರೆ ತಪ್ಪು ಮೀಟರಿನದಾಗಿರಬಹುದು, ಆ ಕೊಳವೆಯ ಸೋರಿಕೆಯೂ ಆಗಿರಬಹುದು. ಕುಂಟುವ ಮೀಟರೂ ಸೋರುವ ಕೊಳವೆಯೂ ಜೊತೆಗೂಡಿ ಒಂದರ ತಪ್ಪನ್ನೊಂದು ಮುಚ್ಚಿಕೊಳ್ಳುವುದೂ ಸಾಧ್ಯ. ಇದನ್ನು ಬಿಡಿಸಲು ನೀರು ಬರುತ್ತಿರುವಾಗಲೇ ಸಂಪಿನೊಳಗಿನ ತೇಲುಗುಂಡನ್ನು ಮೇಲೆತ್ತಿ ಕಟ್ಟಬೇಕು. ಒಳಬರುವ ನೀರು ನಿಲ್ಲುತ್ತದೆ; ಕವಾಟ ಹನಿಸುತ್ತಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು. ಆಗಲೂ ಮೀಟರಿನ ಮುಖದ ಮೇಲಿನ ನಕ್ಷತ್ರಾಕಾರದ ಪುಟ್ಟ ಚಕ್ರ ತಿರುಗುತ್ತಿದ್ದರೆ ನಡುವಿನ ಕೊಳವೆ ಸೋರುತ್ತಿದೆಯೆಂದೇ ಅರ್ಥ. ನಮ್ಮ ಮನೆಯಲ್ಲಿ ಅದು ಸ್ತಬ್ಧವಾಗಿ ನಿಂತಿತು. ಮೀಟರೂ ಕೊಳವೆಯೂ ನಿರ್ದೋಷಿಗಳೆಂದಾಯಿತು.

ರಾತ್ರಿಯ ಪರೀಕ್ಷೆ

ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರು ತಿರುಗುವುದೇ ಎಂದು ನೋಡಬೇಕೆಂಬ ಸಲಹೆಯನ್ನು ವಾಚಕರು ಕೇಳಿರಬಹುದು. ದಿನವಿಡೀ ನೀರು ಬಂದು ನೇರವಾಗಿ ನಲ್ಲಿಗೆ ಹೋಗುವ ಊರುಗಳಲ್ಲಿ ಅದು ಒಳ್ಳೆಯ ಸಲಹೆ. ಸಂಪು ಇರುವ ಮನೆಯಲ್ಲಿ ಅದರಿಂದ ಸಂಪಿನ ಈಚೆಯ ಸ್ಥಿತಿ ಏನೂ ತಿಳಿಯದು. ಮನೆಯೊಳಗೆ ನೀರು ಸೋರುತ್ತಿದ್ದರೂ ಮೀಟರು ಆಗ ತಿರುಗುವುದಿಲ್ಲ. ಎರಡು ದಿನಗಳ ಸೋರಿಕೆಯನ್ನೆಲ್ಲ ಅದು ಮುಂದೆ ಸಂಪು ತುಂಬುವಾಗ ಒಟ್ಟಿಗೆ ಎಣಿಸುತ್ತದೆ. ಮತ್ತೊಂದು ವಿಶೇಷವೂ ಉಂಟು. ತೀರ ಸಣ್ಣ ಹನಿಯ ಹರಿವಿಗೆ ಮೀಟರಿನ ಚಕ್ರ ಕದಲುವುದೇ ಇಲ್ಲ. ಆದುದರಿಂದ ನೇರ ಸರಬರಾಜಿನ ಮನೆಯಲ್ಲಿ ಅಂಥ ಸೋರಿಕೆ ಲೆಕ್ಕಕ್ಕೆ ಸಿಗದೆ ಹೋಗಬಹುದು. ಸಂಪಿನ ಮನೆಯಲ್ಲಾದರೋ ಅದೇ ಹನಿಗಳು ಕೂಡಿಕೊಂಡು, ದೊಡ್ಡ ಹರಿವಾಗಿ ಮೀಟರನ್ನು ಹಾಯುತ್ತವೆ. ಬಹುಪಾಲು ಲೆಕ್ಕಕ್ಕೆ ಸಿಕ್ಕಿಬೀಳುತ್ತವೆ.

ಹೀಗಿರುವಾಗ ಮೀಟರನ್ನು ಬಿಟ್ಟು ತೊಟ್ಟಿಗಳನ್ನೇ ಗಮನಿಸಬೇಕು. ಬೀದಿಯ ನೀರು ಬಾರದ ಒಂದು ರಾತ್ರಿಯನ್ನು ಆರಿಸಿಕೊಂಡರು. ಬೆಳಗಿನವರೆಗೆ ಬೇಕಾಗುವ ನೀರನ್ನು ಬಕೆಟ್ಟುಗಳಲ್ಲಿ ತುಂಬಿಟ್ಟುಕೊಂಡು, ಎಲ್ಲ ನಲ್ಲಿಗಳನ್ನೂ ಮುಚ್ಚಿ, ಪಂಪನ್ನು ನಿಲ್ಲಿಸಿ, ರಾತ್ರಿ 10 ಗಂಟೆಗೆ ಸಂಪನ್ನೂ ಮೇಲಿನ ತೊಟ್ಟಿಯನ್ನೂ ಅಳೆದರು. ಬೆಳಿಗ್ಗೆ 6ಕ್ಕೆ ಮತ್ತೆ ಅಳೆದರು.

ಸಂಪಿನ ಮಟ್ಟ ಇದ್ದಲ್ಲೇ ಇತ್ತು. ಅದು ಗಂಟೆಗೆ 22 ಲೀಟರು ಸೋರುತ್ತಿದ್ದರೆ ಎಂಟು ಗಂಟೆಗಳಲ್ಲಿ ಸುಮಾರು 6 ಸೆಂಟಿಮೀಟರು ಇಳಿಯಬೇಕಾಗಿತ್ತು. ಮುಚ್ಚಿದ ಸಂಪಿನಲ್ಲಿ ಆವಿಯಾಗುವ ನೀರು ಲೆಕ್ಕಕ್ಕೆ ಬರುವಂಥದಲ್ಲ. ಸಂಪಿನ ಪರೀಕ್ಷೆಯನ್ನು ಅದು ಸಾಕಷ್ಟು ತುಂಬಿದಾಗಲೇ ಮಾಡಬೇಕು. ಬಿರುಕು ಗೋಡೆಯ ಮಧ್ಯದಲ್ಲಿದ್ದರೆ ನೀರು ಬಿರುಕಿನ ಮಟ್ಟದವರೆಗೆ ಮಾತ್ರ ಇಳಿದು ನಿಲ್ಲುತ್ತದೆ. ಅರ್ಧ ಖಾಲಿಯಾದ ಸಂಪಿನಲ್ಲಿ ಆ ಬಿರುಕು ಪತ್ತೆಯಾಗುವುದಿಲ್ಲ. ಮಳೆಗಾಲದಲ್ಲಿ ಅದೇ ಬಿರುಕಿನಿಂದ ಹೊರಗಿನ ಕೊಳೆನೀರು ಒಳಬಂದು ಮಟ್ಟ ಏರುವುದೂ ಉಂಟು.

ಮೇಲಿನ ತೊಟ್ಟಿಯ ಕಥೆ ಬೇರೆಯಾಗಿತ್ತು. ಉರುಳೆಯಾಕಾರದ ಆ ತೊಟ್ಟಿಯ ಒಳವ್ಯಾಸ 113 ಸೆಂಟಿಮೀಟರು. ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಿಸುಮಾರು ಒಂದು ಚದರ ಮೀಟರು. ಆದುದರಿಂದ ಒಂದು ಸೆಂಟಿಮೀಟರಿಗೆ 10 ಲೀಟರು. ರಾತ್ರಿ 84 ಸೆಂಟಿಮೀಟರು ಇದ್ದ ಮಟ್ಟ ಬೆಳಿಗ್ಗೆ 68ಕ್ಕೆ ಇಳಿದಿತ್ತು. ಯಾರೂ ಮುಟ್ಟದ ತೊಟ್ಟಿಯಿಂದ 160 ಲೀಟರು ಮಾಯವಾಗಿತ್ತು. ಗಂಟೆಗೆ 20 ಲೀಟರು!

ಮರುರಾತ್ರಿ ತೊಟ್ಟಿಯ ಬುಡದಲ್ಲಿರುವ ವಾಲ್ವನ್ನು ಮುಚ್ಚಿ ಅದೇ ಪರೀಕ್ಷೆಯನ್ನು ಮಾಡಿದರು. ಮಟ್ಟ ಕದಲಲಿಲ್ಲ. ಹಾಗಾದರೆ ತೊಟ್ಟಿ ಗಟ್ಟಿಯಾಗಿದೆ. ಸೋರಿಕೆ ವಾಲ್ವಿನಿಂದ ಕೆಳಗೆ, ಮನೆಯ ಕೊಳವೆಗಳಲ್ಲಿ ಎಲ್ಲಿಯೋ ಇದೆ. ಗೋಡೆ ಒಡೆಯುವ ಮುನ್ನ ಒಂದು ಸುಲಭದ ಪರೀಕ್ಷೆ ಉಳಿದಿತ್ತು. ಮೂರು ಶೌಚಾಲಯಗಳ ಫ್ಲಷ್ ತೊಟ್ಟಿಗಳಿಗೂ ಅಡಿಗೆಗೆ ಬಳಸುವ ಕೆಂಪು ಬಣ್ಣವನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಯಾರೂ ಫ್ಲಷ್ ಮಾಡದಂತೆ ಇಪ್ಪತ್ತು ನಿಮಿಷ ಕಾದರು. ಕೆಳಗಿನ ಎರಡರಲ್ಲಿ ಕುಣಿಯ ನೀರು ಬೆಳ್ಳಗೇ ಉಳಿಯಿತು. ಮಹಡಿಯ ಮೇಲಿನ, ನೆಂಟರು ಬಂದಾಗ ಮಾತ್ರ ಬಳಸುವ ಶೌಚಾಲಯದಲ್ಲಿ ಅದು ಕೆಂಪಾಯಿತು.

ಫ್ಲಷ್ ತೊಟ್ಟಿಯ ತಳದಲ್ಲಿ ನೀರನ್ನು ತಡೆದಿಡುವ ಒಂದು ರಬ್ಬರಿನ ಮುಚ್ಚಳವಿರುತ್ತದೆ. ಅದು ಗಡುಸಾಗಿ, ಅಂಚಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ನೀರು ಪಿಂಗಾಣಿಯ ಗೋಡೆಗೆ ಅಂಟಿಕೊಂಡು ತೆಳುವಾದ ಪದರವಾಗಿ ಸದ್ದಿಲ್ಲದೆ ಇಳಿದುಹೋಗುತ್ತಿತ್ತು. ತೇಲುಗುಂಡಿನ ಕವಾಟ ಅಷ್ಟೇ ನೀರನ್ನು ಮತ್ತೆ ತುಂಬುತ್ತಿತ್ತು. ತೇವ ಕಾಣದಿದ್ದುದೇಕೆಂಬುದು ಈಗ ಸ್ಪಷ್ಟ: ನೀರು ಗೋಡೆಗಲ್ಲ, ನೇರವಾಗಿ ಒಳಚರಂಡಿಗೆ ಸೇರುತ್ತಿತ್ತು.

ಕೂಡಿಸಿ ನೋಡುವುದು

ಕಾರಣ ಸಿಕ್ಕಿತೆಂದು ಇಲ್ಲಿಗೇ ನಿಲ್ಲಬಾರದು; ಸಿಕ್ಕಿದ ಕಾರಣವು ಇಡೀ ಹೆಚ್ಚಳಕ್ಕೆ ಸಾಲುವುದೇ ಎಂದು ಕೂಡಿಸಿ ನೋಡಬೇಕು. ಗಂಟೆಗೆ 20 ಲೀಟರಿನಂತೆ 30 ದಿನಗಳಿಗೆ 14,400 ಲೀಟರು. ನೆಂಟರ ಪಾಲು 1,350. ಒಟ್ಟು 15,750. ಉಳಿದ 250 ಲೀಟರು ನಮ್ಮ ಅಳತೆಗಳ ತಪ್ಪಿನೊಳಗೇ ಅಡಗಿಹೋಗುತ್ತದೆ. ಒಂದು ವೇಳೆ ಫ್ಲಷ್ ತೊಟ್ಟಿಯ ಸೋರಿಕೆ ಗಂಟೆಗೆ 5 ಲೀಟರು ಮಾತ್ರ ಇದ್ದಿದ್ದರೆ ತಿಂಗಳಿಗೆ 3,600 ಲೀಟರಷ್ಟೇ ಆಗುತ್ತಿತ್ತು. ಆಗ ಮುಚ್ಚಳವನ್ನು ಬದಲಿಸಿ ಸಮಾಧಾನಪಡದೆ ಎರಡನೆಯ ಸೋರಿಕೆಯನ್ನು ಹುಡುಕಬೇಕಾಗುತ್ತಿತ್ತು. ರಬ್ಬರಿನ ಮುಚ್ಚಳವನ್ನು ಬದಲಿಸಿದ ಮೇಲೆ ರಾತ್ರಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರು. ಬೆಳಿಗ್ಗೆ ತೊಟ್ಟಿಯ ಮಟ್ಟ ರಾತ್ರಿಯ ಗುರುತಿನಲ್ಲೇ ನಿಂತಿತ್ತು.

ಎಲ್ಲ ಮನೆಗಳಲ್ಲಿಯೂ ಉತ್ತರ ಇದೇ ಆಗಬೇಕಾಗಿಲ್ಲ. ಬಣ್ಣ ಎಲ್ಲಿಯೂ ಕಾಣಿಸದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಗೋಡೆಯೊಳಗಿನ ಕೊಳವೆಯನ್ನು ಸಂಶಯಿಸಬೇಕು. ಸ್ನಾನದ ಮನೆಗೊಂದು, ಅಡಿಗೆಮನೆಗೊಂದು ವಾಲ್ವಿದ್ದರೆ ರಾತ್ರಿಗೊಂದರಂತೆ ಮುಚ್ಚಿ ಕವಲನ್ನು ಗುರುತಿಸಬಹುದು. ಪಂಪಿನಿಂದ ಮೇಲೇರುವ ಕೊಳವೆಯ ಬಿರುಕು ಪಂಪು ಓಡುವಾಗಲೇ ಹೆಚ್ಚಾಗಿ ಸೋರುವುದರಿಂದ ರಾತ್ರಿಯ ಪರೀಕ್ಷೆಗೆ ಸಿಗದೆ ಹೋಗಬಹುದು. ಸಂಪಿನಿಂದ ಇಳಿದ ಲೀಟರುಗಳನ್ನೂ ಮೇಲಿನ ತೊಟ್ಟಿಗೆ ಏರಿದ ಲೀಟರುಗಳನ್ನೂ ಹೋಲಿಸಿ ಅದನ್ನು ಕಂಡುಹಿಡಿಯಬೇಕು. ಮೀಟರೇ ತಪ್ಪಿತಸ್ಥನೆಂದು ಕಂಡರೆ ಎರಡು ಮೂರು ದಿನಗಳ ಸಂಪಿನ ಅಳತೆಗಳನ್ನು ಪಟ್ಟಿಮಾಡಿ ಜಲಮಂಡಲಿಗೆ ಬರೆದು, ಮೀಟರಿನ ಪರೀಕ್ಷೆಯನ್ನು ಕೇಳಬಹುದು. "ಬಿಲ್ಲು ಹೆಚ್ಚಾಗಿದೆ" ಎಂಬ ದೂರಿಗಿಂತ "720 ಲೀಟರಿಗೆ 1,360 ತೋರಿಸಿತು" ಎಂಬ ದೂರಿಗೆ ಉತ್ತರ ಹೇಳದೆ ತೀರದು.

ಕಾವೇರಿಯ ನೀರು ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರುತ್ತದೆ. ಆ ಮಹಡಿಯ ಫ್ಲಷ್ ತೊಟ್ಟಿಯಿಂದ ತಿಂಗಳಲ್ಲಿ ಇಳಿದುಹೋದ 14,400 ಲೀಟರನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೆ, ಯಂತ್ರಗಳ ನಷ್ಟವನ್ನು ಬಿಟ್ಟರೂ, ಸುಮಾರು 20 ಯೂನಿಟ್ಟು ವಿದ್ಯುತ್ತು ಬೇಕು. ಅಷ್ಟೆಲ್ಲ ಮೇಲೇರಿ ಬಂದ ನೀರು ಯಾರ ಕೈಗೂ ಸೋಕದೆ ಚರಂಡಿಗೆ ಇಳಿಯಿತು. ಅದರ ಅಪವಾದವನ್ನು ದಿನಕ್ಕೆ ಅರ್ಧ ಗಂಟೆ ಪಾತ್ರೆ ತೊಳೆದವಳು ಹೊತ್ತಿದ್ದಳು. ಮೂರನೆಯ ದಿನ ಮನೆಯ ಹಿರಿಯಾಕೆಯೇ ನಿಂಗಮ್ಮನನ್ನು ಕರೆದು, ತಪ್ಪು ರಬ್ಬರಿನ ಮುಚ್ಚಳದ್ದೆಂದು ತೋರಿಸಿದರು.